ಹತ್ತಿಂಚಿನ ಪ್ರೊಪೆಲರ್, ನಾಲ್ಕು ಸೆಲ್ ಬ್ಯಾಟರಿ: ಚನ್ನಗಿರಿ ತೋಟದಲ್ಲಿ ಬಿದ್ದ ಕ್ವಾಡ್‌ಕಾಪ್ಟರ್

ಏಪ್ರಿಲ್ ತಿಂಗಳ ಒಂದು ಸಂಜೆ ಅಕ್ಕನ ಮಗ ದಾವಣಗೆರೆಯ ನನ್ನ ಮನೆಗೆ ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದ. ಮುಚ್ಚಳ ತೆಗೆಯುವ ಮೊದಲೇ ವಾಸನೆ ಬಂತು. ಬೋರ್‌ವೆಲ್ ಇರುವ ಯಾರಿಗಾದರೂ ಗೊತ್ತಿರುವ ವಾಸನೆ ಅದು, ವೈಂಡಿಂಗ್ ಸುಟ್ಟ ವಾಸನೆ. ಪಂಪ್‌ಸೆಟ್ ಮೋಟರ್ ಸುಟ್ಟಾಗ ಬರುವುದೂ ಇದೇ. ಇಲ್ಲಿ ಸುಟ್ಟಿದ್ದು ಐವತ್ತು ಗ್ರಾಂ ಚಿಲ್ಲರೆ ತೂಗುವ ಪುಟ್ಟ ಮೋಟರ್, ಅಷ್ಟೇ ವ್ಯತ್ಯಾಸ.

ಚನ್ನಗಿರಿ ಹತ್ತಿರ ಅವರ ಅಡಿಕೆ ತೋಟ ಇದೆ. ಯಾವ ಸಾಲಿನಲ್ಲಿ ಗರಿ ಹಳದಿಯಾಗುತ್ತಿದೆ ಎಂದು ಮೇಲಿನಿಂದ ಫೋಟೋ ತೆಗೆದು ನೋಡಬೇಕು ಎಂಬುದು ಅವನ ಆಸೆ. ರೆಡಿ ಡ್ರೋನ್ ಕೊಳ್ಳದೆ ಬಿಡಿ ಭಾಗ ತಂದು ತಾನೇ ಜೋಡಿಸಿದ್ದ. 450 ಮಿಲಿಮೀಟರ್ ಫ್ರೇಮ್, 2212 ಸೈಜಿನ 1000 ಕೆವಿ ಮೋಟರ್ ನಾಲ್ಕು, ಬ್ಯಾಟರಿಯ ಕರೆಂಟನ್ನು ಥ್ರಾಟಲ್‌ಗೆ ತಕ್ಕಂತೆ ಮೋಟರ್‌ಗೆ ಕೊಡುವ 30 ಆಂಪಿಯರ್ ಇಎಸ್‌ಸಿ ನಾಲ್ಕು, 1045 ಪ್ರೊಪೆಲರ್, ಅಂದರೆ ಹತ್ತಿಂಚು ಉದ್ದ, ನಾಲ್ಕೂವರೆ ಇಂಚು ಪಿಚ್. ಇಲ್ಲಿವರೆಗೆ ಎಲ್ಲಾ ಸರಿ. ಈ ಜೋಡಣೆ ಸಾವಿರಾರು ಜನ ಹಾರಿಸಿದ್ದು. ಆದರೆ ಇದಕ್ಕೆ ಹೊಂದುವುದು ಮೂರು ಸೆಲ್‌ನ ಲಿಪೊ ಬ್ಯಾಟರಿ. ಅವನು ತಂದಿದ್ದು ನಾಲ್ಕು ಸೆಲ್‌ನದ್ದು, 5200 ಎಂಎಎಚ್. "ವೋಲ್ಟ್ ಜಾಸ್ತಿ ಇದ್ರೆ ಪವರ್ ಜಾಸ್ತಿ ಅಲ್ವಾ ಮಾಮ, ಇಎಸ್‌ಸಿ ಮೇಲೆ ನಾಲ್ಕು ಸೆಲ್‌ಗೂ ನಡೆಯುತ್ತೆ ಅಂತ ಬರೆದಿತ್ತು" ಎಂದ.

ಬರೆದಿದ್ದು ನಿಜ. ಇಎಸ್‌ಸಿಗೆ ನಾಲ್ಕು ಸೆಲ್ ನಡೆಯುತ್ತದೆ. ಮೋಟರ್‌ಗೂ ನಾಲ್ಕು ಸೆಲ್ ನಡೆಯುತ್ತದೆ, ಆದರೆ ಹತ್ತಿಂಚಿನ ಪ್ರೊಪೆಲರ್ ಹೊತ್ತುಕೊಂಡು ಅಲ್ಲ.

ಏನಾಯಿತು ಎಂದು ಕೇಳಿದೆ. ಮೂರು ನಿಮಿಷ ಎದೆಮಟ್ಟದಲ್ಲಿ ಅಲುಗಾಡದೆ ನಿಂತಿತ್ತಂತೆ. ಇಳಿಸಿ ಮೋಟರ್ ಮುಟ್ಟಿ ನೋಡಿದಾಗ ಬೆಚ್ಚಗಿತ್ತು, ಅಷ್ಟೇ. ಧೈರ್ಯ ಬಂತು. ಆಮೇಲೆ ಥ್ರಾಟಲ್ ಪೂರ್ತಿ ಮೇಲಕ್ಕೆ ತಳ್ಳಿ ಮರಗಳ ತುದಿವರೆಗೆ ಜಿಗಿಸುವುದು, ಇಳಿಸುವುದು, ಮತ್ತೆ ಜಿಗಿಸುವುದು, ಹೀಗೆ ಬಿಡುವಿಲ್ಲದೆ ಮಾಡಿದ್ದಾನೆ. ಆರನೆಯದೋ ಏಳನೆಯದೋ ಜಿಗಿತದಲ್ಲಿ ಒಂದು ಮೂಲೆ ಕುಸಿಯಿತು. ಇಡೀ ಯಂತ್ರ ಮಗುಚಿಕೊಂಡು ಅಡಿಕೆ ಗರಿಗಳ ನಡುವೆ ಜಾರಿ ಕೆಳಗೆ ಬಿತ್ತು. ಒಂದು ತೋಳು ಮುರಿದಿತ್ತು. ಬ್ಯಾಟರಿಯ ಒಂದು ಮೂಲೆ ಜಜ್ಜಿತ್ತು. ಜಜ್ಜಿದ ಲಿಪೊ ಬ್ಯಾಟರಿ ಮನೆಯೊಳಗೆ ಇಡುವಂಥದ್ದಲ್ಲ, ಯಾವಾಗ ಬೆಂಕಿ ಹಿಡಿಯುತ್ತದೆ ಎಂದು ಹೇಳಲಾಗದು. ಮೊದಲು ಅದನ್ನು ಹೊರಗೆ ಮರಳು ತುಂಬಿದ ಬಕೆಟ್‌ನಲ್ಲಿ ಇಟ್ಟೆ. ಆಮೇಲೆ ಮೋಟರ್ ಕೈಗೆ ತೆಗೆದುಕೊಂಡೆ.

ಮೋಟರ್‌ನ ಮೇಲಿನ ಗಂಟೆಯಾಕಾರದ ಕವಚ ಬಿಚ್ಚಿದರೆ ಒಳಗೆ ಸುತ್ತಿದ ತಂತಿ ಕಾಣುತ್ತದೆ. ಹೊಸ ಮೋಟರ್‌ನಲ್ಲಿ ಅದು ಹೊಳೆಯುವ ತಾಮ್ರದ ಬಣ್ಣ. ಇದರಲ್ಲಿ ಇದ್ದಿಲಿನಂತೆ ಕಪ್ಪಾಗಿತ್ತು. ಉಗುರಿನಿಂದ ಕೆರೆದರೆ ವಾರ್ನಿಶ್ ಪುಡಿಯಾಗಿ ಉದುರಿತು. ಸುಮ್ಮನಿರಲಾರದೆ ಉಳಿದ ಮೂರನ್ನೂ ಬಿಚ್ಚಿದೆ. ಅವು ಇನ್ನೂ ತಿರುಗುತ್ತಿದ್ದವು, ಆದರೆ ತಂತಿ ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. ವಾರ್ನಿಶ್ ಒಮ್ಮೆ ಹಾಗೆ ಬೆಂದ ಮೇಲೆ ಆ ಮೋಟರನ್ನು ನಂಬಬಾರದು. ನಾಲ್ಕನ್ನೂ ಬದಲಾಯಿಸಲು ಹೇಳಿದೆ. ಒಂದೇ ಸುಟ್ಟಿದೆ, ನಾಲ್ಕು ಯಾಕೆ ಎಂದು ಅವನಿಗೆ ಬೇಸರವಾಯಿತು. ಆದರೆ ಕ್ವಾಡ್‌ಕಾಪ್ಟರ್‌ನಲ್ಲಿ ಮೂರು ಮೋಟರ್ ಇದ್ದು ಒಂದು ಹೋದರೆ ಹೇಗೆ ಬೀಳುತ್ತದೆ ಎಂದು ಅವನೇ ಆಗ ತಾನೇ ನೋಡಿದ್ದ.

ಒಂದು ಸೆಲ್ ಜಾಸ್ತಿಯಾದರೆ ಏನಾಗುತ್ತದೆ

ಕೆವಿ ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ, ಮೋಟರ್ ಮೇಲೆ ಏನೂ ಹೊರೆ ಇಲ್ಲದಾಗ. ಲಿಪೊದ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಮೂರು ಸೆಲ್ ಅಂದರೆ 12.6, ನಾಲ್ಕು ಅಂದರೆ 16.8. ಹಾಗಾಗಿ 1000 ಕೆವಿ ಮೋಟರ್ ಮೂರು ಸೆಲ್‌ನಲ್ಲಿ ಖಾಲಿ ತಿರುಗಿದರೆ 12,600 ಸುತ್ತು, ನಾಲ್ಕರಲ್ಲಿ 16,800. ಮೂರನೇ ಒಂದು ಭಾಗದಷ್ಟು ಜಾಸ್ತಿ. ಕೇಳಲು ದೊಡ್ಡದೇನಲ್ಲ ಅನಿಸುತ್ತದೆ.

ಆದರೆ ಪ್ರೊಪೆಲರ್ ಬೇಡುವ ಶಕ್ತಿ ವೇಗದ ಜೊತೆ ಸಮನಾಗಿ ಏರುವುದಿಲ್ಲ. ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ 1.33 ಪಟ್ಟು ಆದರೆ ಶಕ್ತಿ 1.33ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು 2.4 ಪಟ್ಟು. ವೋಲ್ಟೇಜ್ ಕೂಡ 1.33 ಪಟ್ಟು ಏರಿರುವುದರಿಂದ ಕರೆಂಟ್ ಸುಮಾರು 1.8 ಪಟ್ಟು ಆಗುತ್ತದೆ. ಹೊರೆಯಲ್ಲಿ ವೋಲ್ಟೇಜ್ ಸ್ವಲ್ಪ ಕುಸಿಯುವುದರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ. ಈ ಮೋಟರ್ ಮೂರು ಸೆಲ್‌ನಲ್ಲಿ ಇದೇ ಪ್ರೊಪೆಲರ್ ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ 12 ಆಂಪಿಯರ್ ಎಳೆಯುತ್ತದೆ. ಅದರ ಮಿತಿಯೂ ಅದೇ, 12 ಆಂಪಿಯರ್, ಅದೂ 60 ಸೆಕೆಂಡ್‌ಗೆ. ನಾಲ್ಕು ಸೆಲ್‌ನಲ್ಲಿ ಅದು 20ರ ಹತ್ತಿರ ಹೋಗುತ್ತದೆ.

ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟ್‌ನ ವರ್ಗದ ಲೆಕ್ಕ. ಈ ಮೋಟರ್‌ನ ಒಳ ರೋಧ ಸುಮಾರು 90 ಮಿಲಿಓಮ್. 12 ಆಂಪಿಯರ್‌ನಲ್ಲಿ 13 ವಾಟ್ ಬಿಸಿ. 20 ಆಂಪಿಯರ್‌ನಲ್ಲಿ 36 ವಾಟ್. ಬೆರಳ ತುದಿಯಷ್ಟು ತಾಮ್ರದಲ್ಲಿ 36 ವಾಟ್ ಅಂದರೆ ಸಣ್ಣ ಸೋಲ್ಡರಿಂಗ್ ಐರನ್ ಒಳಗಿಟ್ಟ ಹಾಗೆ. ಎರಡು ಮೂರು ಸೆಕೆಂಡ್‌ನ ಒಂದು ಜಿಗಿತವಾದರೆ ತಡೆದುಕೊಳ್ಳುತ್ತದೆ. ಆರಲು ಬಿಡದೆ ಆರೇಳು ಸಲ ಮಾಡಿದರೆ ವಾರ್ನಿಶ್ ಬೇಯುತ್ತದೆ. ಇಎಸ್‌ಸಿ 30 ಆಂಪಿಯರ್‌ನದ್ದಾದ್ದರಿಂದ ಅದಕ್ಕೆ ಏನೂ ಅನಿಸಲಿಲ್ಲ, ಕೇಳಿದಷ್ಟು ಕೊಡುತ್ತಾ ಹೋಯಿತು.

ಹಾಗಾದರೆ ಮೊದಲ ಮೂರು ನಿಮಿಷ ಯಾಕೆ ಬೆಚ್ಚಗೆ ಮಾತ್ರ ಇತ್ತು? ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿಯನ್ನು ನಿರ್ಧರಿಸುವುದು ತೂಕ ಮತ್ತು ಪ್ರೊಪೆಲರ್, ಬ್ಯಾಟರಿಯ ವೋಲ್ಟೇಜ್ ಅಲ್ಲ. ವೋಲ್ಟೇಜ್ ಜಾಸ್ತಿ ಇದ್ದರೆ ಇಎಸ್‌ಸಿ ಅದನ್ನು ಕತ್ತರಿಸಿ ಕತ್ತರಿಸಿ ಕಡಿಮೆ ಕೊಡುತ್ತದೆ. ಅದಕ್ಕೇ ನಿಂತಲ್ಲೇ ನಿಲ್ಲಿಸಿ ಮೋಟರ್ ಮುಟ್ಟಿ ನೋಡಿದರೆ ಈ ತಪ್ಪು ಗೊತ್ತಾಗುವುದೇ ಇಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಆಂಪಿಯರ್ ಎಂದು ಅಳೆದರೆ ಮಾತ್ರ ಗೊತ್ತಾಗುತ್ತದೆ.

ನಾಲ್ಕು ಸೆಲ್ ಬ್ಯಾಟರಿಯೇ ಬೇಕಿದ್ದರೆ ಪ್ರೊಪೆಲರ್ ಎಂಟಿಂಚಿಗೆ ಇಳಿಸಬೇಕಿತ್ತು. ಈ ಸೈಜಿನ ಫ್ರೇಮ್‌ಗೆ ಮೂರು ಸೆಲ್‌ಗೆ ಹತ್ತಿಂಚು, ನಾಲ್ಕು ಸೆಲ್‌ಗೆ ಎಂಟಿಂಚು ಎಂಬುದು ಹಳೆಯ ರೂಢಿ. ಮೋಟರ್ ಉಳಿಯುತ್ತದೆ, ಎತ್ತುವ ಬಲವೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ನಾವು ಅದನ್ನು ಬೇಡ ಅಂದಿದ್ದು ಬೇರೆ ಕಾರಣಕ್ಕೆ. ಸಣ್ಣ ಪ್ರೊಪೆಲರ್ ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುತ್ತದೆ. ದೊಡ್ಡದು ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಒಂದೇ ತೂಕ ಹೊತ್ತು ನಿಲ್ಲಲು ಎಂಟಿಂಚಿನದ್ದು ಹತ್ತಿಂಚಿನದ್ದಕ್ಕಿಂತ ಕಾಲು ಭಾಗದಷ್ಟು ಜಾಸ್ತಿ ಶಕ್ತಿ ತಿನ್ನುತ್ತದೆ. ಫೋಟೋ ತೆಗೆಯಲು ನಿಂತಲ್ಲೇ ನಿಲ್ಲುವ ಯಂತ್ರಕ್ಕೆ ಅದು ನಷ್ಟ. ಫ್ರೇಮ್‌ನಲ್ಲಿ ಜಾಗ ಇರುವಷ್ಟು ದೊಡ್ಡ ಪ್ರೊಪೆಲರ್, ಅದನ್ನು ತಿರುಗಿಸಲು ತಕ್ಕ ಕೆವಿ, ಆ ಕೆವಿಗೆ ತಕ್ಕ ಸೆಲ್. ನಾನು ಲೆಕ್ಕ ಹಾಕುವುದು ಈ ಕ್ರಮದಲ್ಲಿ. ಅವನು ಬ್ಯಾಟರಿಯಿಂದ ಶುರು ಮಾಡಿದ್ದ.

ತಕ್ಕಡಿಯ ಮೇಲೆ

ಮರುದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದಿಟ್ಟುಕೊಂಡು ಪ್ರತಿ ಭಾಗವನ್ನೂ ತೂಗಿ ನೋಟ್‌ಬುಕ್‌ನಲ್ಲಿ ಬರೆದೆವು. ಕಾಲು ಸಮೇತ ಫ್ರೇಮ್ 370 ಗ್ರಾಂ. ನಾಲ್ಕು ಮೋಟರ್ 212. ಇಎಸ್‌ಸಿಗಳು 100. ಪ್ರೊಪೆಲರ್ 44. ಫ್ಲೈಟ್ ಕಂಟ್ರೋಲರ್, ಜಿಪಿಎಸ್, ರಿಸೀವರ್ ಸೇರಿ 99. ಕ್ಯಾಮೆರಾ ಮತ್ತು ಅದರ ಪ್ಲೇಟ್ 150. ವೈರ್, ಪವರ್ ಮಾಡ್ಯೂಲ್, ಸ್ಕ್ರೂ, ಬೆಲ್ಟ್ ಎಲ್ಲಾ ಸೇರಿ 75. ಈ ಕೊನೆಯದನ್ನೇ ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು. ಒಟ್ಟು 1050 ಗ್ರಾಂ, ಬ್ಯಾಟರಿ ಬಿಟ್ಟು.

ಆಮೇಲೆ ಹೊಸ ಮೋಟರ್ ಒಂದನ್ನು ಪರೀಕ್ಷೆಗೆ ಕೂರಿಸಿದೆವು. ಒಂದಡಿ ಎತ್ತರದ ಭಾರದ ಮರದ ತುಂಡು, ಅದರ ನೆತ್ತಿಗೆ ಮೋಟರ್, ಬುಡ ತಕ್ಕಡಿಯ ಮೇಲೆ. ಪ್ರೊಪೆಲರ್ ಸುಮ್ನೆ ಮಾಮೂಲಿನಂತೆ ಹಾಕಿದರೆ ಗಾಳಿ ಕೆಳಗೆ ಬೀಸಿ ತಕ್ಕಡಿಗೇ ಹೊಡೆಯುತ್ತದೆ, ಅಂಕಿ ತಪ್ಪಾಗುತ್ತದೆ. ಅದಕ್ಕೆ ಪ್ರೊಪೆಲರನ್ನು ಮಗುಚಿ ಹಾಕಿ, ಮೋಟರ್‌ನ ಮೂರು ವೈರ್‌ನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದೆವು. ತ್ರೀ ಫೇಸ್ ಪಂಪ್ ಉಲ್ಟಾ ತಿರುಗಿದಾಗ ಎರಡು ಫೇಸ್ ಬದಲಾಯಿಸುತ್ತೇವಲ್ಲ, ಅದೇ ಕೆಲಸ. ಈಗ ಗಾಳಿ ಮೇಲಕ್ಕೆ ಹೋಗುತ್ತದೆ, ಮರದ ತುಂಡು ತಕ್ಕಡಿಯನ್ನು ಕೆಳಕ್ಕೆ ಒತ್ತುತ್ತದೆ. ಎಷ್ಟು ಗ್ರಾಂ ಒತ್ತಿತೋ ಅದೇ ಎತ್ತುವ ಬಲ. ಉಲ್ಟಾ ತಿರುಗುವಾಗ ನಟ್ ಸಡಿಲವಾಗುವ ಸಾಧ್ಯತೆ ಇದೆ, ಎರಡು ಸಲ ಬಿಗಿ ನೋಡಬೇಕು. ಪ್ರೊಪೆಲರ್ ತಿರುಗುವ ಮಟ್ಟಕ್ಕೆ ಮುಖ ತರಲೇಬಾರದು. ನಾವು ಬಾಗಿಲ ಮರೆಯಲ್ಲಿ ನಿಂತು ಅಂಕಿಯನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡೆವು.

ಮೂರು ಸೆಲ್ ಬ್ಯಾಟರಿ, 1045 ಪ್ರೊಪೆಲರ್ ಹಾಕಿ ನೋಡಿದಾಗ ಹೀಗೆ ಬಂತು. 300 ಗ್ರಾಂ ಎತ್ತಲು 3.4 ಆಂಪಿಯರ್. 360 ಗ್ರಾಂಗೆ 4.4. 450 ಗ್ರಾಂಗೆ 6.3. ಪೂರ್ತಿ ಥ್ರಾಟಲ್‌ನಲ್ಲಿ 720 ಗ್ರಾಂ, 12 ಆಂಪಿಯರ್. ಮೋಟರ್ ಮಾರುವ ಪುಟದಲ್ಲಿ 850 ಗ್ರಾಂ ಎಂದಿತ್ತು. ಅದು ಪೂರ್ತಿ ಸುಳ್ಳು ಅಂತ ಹೇಳಲಾರೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಮಧ್ಯಾಹ್ನ 38 ಡಿಗ್ರಿ ಬಿಸಿಲಿತ್ತು. ಸಮುದ್ರ ಮಟ್ಟದ 15 ಡಿಗ್ರಿಯ ಗಾಳಿಗೆ ಹೋಲಿಸಿದರೆ ನಮ್ಮ ಏಪ್ರಿಲ್ ಗಾಳಿ ಏಳನೇ ಒಂದು ಭಾಗದಷ್ಟು ತೆಳು. ಅದೇ ವೇಗದಲ್ಲಿ ತಿರುಗಿದರೂ ಅಷ್ಟು ಬಲ ಕಡಿಮೆ. ಹೊರದೇಶದ ಚಳಿಯಲ್ಲಿ ಅಳೆದ ಅಂಕಿಯನ್ನು ಇಲ್ಲಿ ಹಾಗೆ ಹಾಗೇ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ನಾಲ್ಕು ಮೋಟರ್ ಸೇರಿ ನಮಗೆ ಇರುವುದು 2880 ಗ್ರಾಂ, ಅದನ್ನೇ ಹಿಡಿದೆವು.

ಎಷ್ಟು ದೊಡ್ಡ ಬ್ಯಾಟರಿ

ಈಗ ಬ್ಯಾಟರಿಯ ಪ್ರಶ್ನೆ. ನನ್ನ ಹತ್ತಿರ ಮೂರು ಸೆಲ್‌ನ 2200 ಎಂಎಎಚ್ ಇತ್ತು, ತೂಕ 180 ಗ್ರಾಂ. ಮೂರು ಸೆಲ್‌ನ 5200 ಎಂಎಎಚ್ ಎರಡಿದ್ದವು, ಒಂದೊಂದು 380 ಗ್ರಾಂ. ಲಿಪೊವನ್ನು ಪೂರ್ತಿ ಖಾಲಿ ಮಾಡಬಾರದು, ನೂರರಲ್ಲಿ ಎಂಬತ್ತು ಭಾಗ ಮಾತ್ರ ಬಳಸುವುದು ಎಂದು ಇಟ್ಟುಕೊಂಡೆವು. ಕಂಟ್ರೋಲರ್, ಕ್ಯಾಮೆರಾಗೆ ಅರ್ಧ ಆಂಪಿಯರ್ ಬೇರೆ.

2200 ಹಾಕಿದರೆ ಒಟ್ಟು 1230 ಗ್ರಾಂ, ಒಂದು ಮೋಟರ್ ಪಾಲಿಗೆ 308. ನಾಲ್ಕೂ ಸೇರಿ ಸುಮಾರು 14.5 ಆಂಪಿಯರ್. ಬಳಸಲು ಇರುವುದು 1.76 ಆಂಪಿಯರ್-ಗಂಟೆ. ಭಾಗಿಸಿದರೆ ಏಳು ನಿಮಿಷದ ಮೇಲೆ ಸ್ವಲ್ಪ. 5200 ಹಾಕಿದರೆ ಒಟ್ಟು 1430 ಗ್ರಾಂ, ಸುಮಾರು 18 ಆಂಪಿಯರ್, ಹದಿನಾಲ್ಕು ನಿಮಿಷಕ್ಕೆ ತುಸು ಕಮ್ಮಿ. ಇನ್ನೂರು ಗ್ರಾಂ ತೂಕಕ್ಕೆ ಆರೂವರೆ ನಿಮಿಷ ಬಂತು. ಒಳ್ಳೆಯ ವ್ಯಾಪಾರ.

"ಹಂಗಾದ್ರೆ ಎರಡೂ ಹಾಕಿಬಿಡೋಣ ಮಾಮ, ಇಪ್ಪತ್ತೆಂಟು ನಿಮಿಷ" ಎಂದ.

ಲೆಕ್ಕ ಅವನ ಕೈಯಲ್ಲೇ ಮಾಡಿಸಿದೆ. ಎರಡನ್ನೂ ಸಮಾನಾಂತರವಾಗಿ ಸೇರಿಸಿದರೆ ಒಟ್ಟು 1810 ಗ್ರಾಂ, ಒಂದು ಮೋಟರ್‌ಗೆ 450ರ ಮೇಲೆ. ಎಳೆಯುವುದು 25.7 ಆಂಪಿಯರ್. ಇರುವುದು 8.32 ಆಂಪಿಯರ್-ಗಂಟೆ. ಬಂದಿದ್ದು ಹತ್ತೊಂಬತ್ತು ನಿಮಿಷ ಚಿಲ್ಲರೆ. ಬ್ಯಾಟರಿ ದುಪ್ಪಟ್ಟು, ಸಮಯ ಐದೂವರೆ ನಿಮಿಷ ಮಾತ್ರ ಜಾಸ್ತಿ. ತೂಕ ಏರಿದಂತೆ ಶಕ್ತಿ ಅದಕ್ಕಿಂತ ಬೇಗ ಏರುತ್ತದೆ. ಎರಡನೇ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ ತನ್ನನ್ನು ತಾನು ಹೊರುವುದಕ್ಕೇ ಖರ್ಚಾಗುತ್ತದೆ.

ಆದರೂ ಐದೂವರೆ ನಿಮಿಷ ಐದೂವರೆ ನಿಮಿಷವೇ ಅಲ್ವಾ ಎಂದು ಕೇಳಿದ. ಸರಿಯಾದ ಪ್ರಶ್ನೆ. ಬರೀ ಸಮಯದ ಲೆಕ್ಕ ನೋಡಿದರೆ ಇನ್ನೂ ದೊಡ್ಡ ಬ್ಯಾಟರಿಯೂ ಸ್ವಲ್ಪ ಲಾಭ ತೋರಿಸುತ್ತದೆ. ತಡೆಯುವುದು ಸಮಯ ಅಲ್ಲ, ಮಿಗತೆ ಬಲ. ನಮ್ಮಲ್ಲಿರುವ 2880 ಗ್ರಾಂ ಬಲವನ್ನು ತೂಕದಿಂದ ಭಾಗಿಸಿ. ಒಂದು 5200ಕ್ಕೆ ಎರಡು ಪಟ್ಟು. ಎರಡಕ್ಕೆ 1.6 ಪಟ್ಟು. ಕ್ವಾಡ್‌ಕಾಪ್ಟರ್ ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದು ಒಂದು ಮೋಟರನ್ನು ಜೋರು ಮಾಡಿ, ಎದುರಿನದನ್ನು ನಿಧಾನ ಮಾಡಿ. ಜೋರು ಮಾಡಲು ಜಾಗವೇ ಇಲ್ಲದಿದ್ದರೆ ಕಂಟ್ರೋಲರ್ ಏನು ಹೇಳಿದರೂ ಆ ಮೂಲೆ ಏಳುವುದಿಲ್ಲ.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಒಳ್ಳೆಯದು ಅನಿಸಿತು. ಊರ ಹೊರಗೆ ಕೊಯ್ಲಾಗಿ ಖಾಲಿ ಬಿದ್ದ ಗದ್ದೆಯಲ್ಲಿ ಎರಡೂ ಬ್ಯಾಟರಿ ಕಟ್ಟಿ ಎರಡಾಳೆತ್ತರಕ್ಕೆ ಮಾತ್ರ ಏರಿಸಿದೆವು. ಗಾಳಿ ಇಲ್ಲದಾಗ ನಿಂತಿತು, ಶಬ್ದ ಮಾತ್ರ ಕೀರಲಾಗಿತ್ತು. ಪಶ್ಚಿಮದಿಂದ ಒಂದು ಬೀಸು ಬಂತು. ಮುಂದಿನ ಬಲ ಮೂಲೆ ಕೆಳಗೆ ಬಿತ್ತು, ಒಂದು ಕ್ಷಣ ಹಾಗೇ ಇತ್ತು, ಆಮೇಲೆ ನಿಧಾನಕ್ಕೆ ಎದ್ದಿತು. ಇಳಿಸಿಬಿಡು ಎಂದೆ. ಅವನು ಆಗಲೇ ಇಳಿಸುತ್ತಿದ್ದ.

ಕಂಟ್ರೋಲರ್‌ನಲ್ಲಿ ಆರ್ಡುಪೈಲಟ್ ಎಂಬ ಸಾಫ್ಟ್‌ವೇರ್ ಇದ್ದುದರಿಂದ ಹಾರಾಟದ ಲಾಗ್ ತೆಗೆದು ನೋಡಿದೆವು. `MOT_THST_HOVER` ಎಂಬ ಪ್ಯಾರಾಮೀಟರ್ ಇದೆ. ನಿಂತಲ್ಲೇ ನಿಲ್ಲಲು ಪೂರ್ತಿ ಬಲದ ಎಷ್ಟು ಪಾಲು ಬೇಕು ಎಂದು ಕಂಟ್ರೋಲರ್ ಹಾರುತ್ತಾ ಹಾರುತ್ತಾ ಕಲಿತು ಅದರಲ್ಲಿ ಇಡುತ್ತದೆ. ಒಂದು ಬ್ಯಾಟರಿಯಲ್ಲಿ ಹಾರಿಸಿದಾಗ 0.49 ಇತ್ತು. ಎರಡರಲ್ಲಿ 0.61 ಆಗಿತ್ತು. ತಕ್ಕಡಿಯ ಲೆಕ್ಕಕ್ಕೂ ಇದಕ್ಕೂ ತಾಳೆಯಾಯಿತು. ಕಂಟ್ರೋಲರ್ ಪ್ರತಿ ಮೋಟರ್‌ಗೆ ಎಷ್ಟು ಜೋರು ತಿರುಗಲು ಹೇಳಿತು ಎಂದು ತೋರಿಸುವ `RCOU` ಗ್ರಾಫ್‌ನಲ್ಲಿ ಬೀಸು ಬಂದ ಕ್ಷಣಕ್ಕೆ ಒಂದು ಮೋಟರ್‌ನ ಗೆರೆ 1950ಕ್ಕೆ ಹೋಗಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಅದಕ್ಕಿಂತ ಮೇಲೆ ಅದಕ್ಕೆ ದಾರಿ ಇಲ್ಲ. ಆ ಚಪ್ಪಟೆ ಗೆರೆ ಕಂಡರೆ ತೂಕ ಇಳಿಸಬೇಕು, ಇಲ್ಲವೇ ದೊಡ್ಡ ಮೋಟರ್ ಹಾಕಬೇಕು. ಕಂಟ್ರೋಲರ್‌ನ ಟ್ಯೂನಿಂಗ್ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಇದನ್ನು ಟ್ಯೂನಿಂಗ್ ಸಮಸ್ಯೆ ಎಂದುಕೊಂಡು ವಾರಗಟ್ಟಲೆ ಕಳೆದವರನ್ನು ನಾನು ನೋಡಿದ್ದೇನೆ.

ತೋಟದಲ್ಲಿ

ಕೊನೆಗೆ ಮೂರು ಸೆಲ್, 5200, ಹತ್ತಿಂಚು, 1430 ಗ್ರಾಂ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ದಾಟಿ ಎರಡು ಕೆಜಿವರೆಗಿನದ್ದು ಮೈಕ್ರೋ ವರ್ಗ, ಇದು ಅದರೊಳಗೇ ಬರುತ್ತದೆ. ಬ್ಯಾಟರಿ ಎಚ್ಚರಿಕೆಯನ್ನು 10.5 ವೋಲ್ಟ್‌ಗೆ ಇಟ್ಟೆವು, ಅಂದರೆ ಹೊರೆಯಲ್ಲಿ ಸೆಲ್‌ಗೆ 3.5.

ಚನ್ನಗಿರಿಯಲ್ಲಿ ಬೆಳಗ್ಗೆ ಏಳಕ್ಕೇ ಶುರು ಮಾಡಿದೆವು. ತಂಪು ಗಾಳಿ ದಪ್ಪ ಇರುತ್ತದೆ, ಬೀಸೂ ಕಡಿಮೆ. ಮರಗಳ ಮೇಲೆ ಸಾಲು ಸಾಲಾಗಿ ಹೋಗಿ ಬಂತು. ಮಧ್ಯೆ ಮರದ ಮರೆ ಬಿಟ್ಟು ಮೇಲೆ ಬಂದ ಕೂಡಲೇ ಎರಡು ಸಲ ಗಾಳಿ ತಳ್ಳಿತು, ವಾಲಿ ತಿದ್ದಿಕೊಂಡಿತು. ಹನ್ನೆರಡನೇ ನಿಮಿಷಕ್ಕೆ ಎಚ್ಚರಿಕೆ ಕೂಗಿತು, ಇಳಿಸಿದೆವು. ಮೋಟರ್ ಮೇಲೆ ಬೆರಳಿಟ್ಟು ಐದು ಎಣಿಸುವವರೆಗೂ ಹಿಡಿದುಕೊಳ್ಳಲು ಆಯಿತು. ಮನೆಗೆ ಬಂದು ಚಾರ್ಜ್‌ಗೆ ಹಾಕಿದರೆ ಚಾರ್ಜರ್ 4050 ಎಂಎಎಚ್ ತುಂಬಿದೆ ಎಂದು ತೋರಿಸಿತು. 5200ರ ಎಂಬತ್ತು ಭಾಗ ಅಂದರೆ 4160. ಲೆಕ್ಕ ಹಾಕಿದಷ್ಟೇ ಬಳಸಿದ್ದೇವೆ. ಕಮ್ಮಿಯಾದ ಎರಡು ನಿಮಿಷ ಏರುವುದಕ್ಕೂ ಗಾಳಿಯ ಎದುರು ಹೋಗುವುದಕ್ಕೂ ಹೋಗಿದೆ.

ಎರಡನೇ 5200 ಬ್ಯಾಟರಿ ಈಗಲೂ ಬಳಕೆಯಲ್ಲಿದೆ. ಯಂತ್ರ ಹಾರುವಾಗ ಅದು ತೋಟದ ಬದುವಿನ ಮೇಲೆ ಚೀಲದಲ್ಲಿ, ನೆರಳಲ್ಲಿ ಕಾಯುತ್ತದೆ. ಹನ್ನೆರಡು ನಿಮಿಷಕ್ಕೆ ಇಳಿಸಿ, ಬದಲಾಯಿಸಿ, ಮತ್ತೆ ಹನ್ನೆರಡು ನಿಮಿಷ.